ಎರಡನೇ ಹರೆಯಕ್ಕೆ ಅವಸರವಿಲ್ಲ

ಮಾಲಾ-ಡಿ ಪಟ್ಟಿಯೊಂದರಲ್ಲಿ 28 ಮಾತ್ರೆಗಳಿರುತ್ತವೆ. ಅವುಗಳಲ್ಲಿ 21 ಮಾತ್ರೆಗಳಲ್ಲಿ ಹಾರ್ಮೋನ್ ಇದೆ, ಉಳಿದ 7ರಲ್ಲಿ ಇರುವುದು ಬರೀ ಕಬ್ಬಿಣದ ಅಂಶ. ಗರ್ಭ ಮುಂದೂಡಲು ಬಯಸುವ ಹೆಂಗಸರಿಗಾಗಿ ಸರ್ಕಾರವೇ ಕಡಿಮೆ ಬೆಲೆಗೆ ಸಿಗುವಂತೆ ಮಾಡಿರುವ ಮಾತ್ರೆ ಇದು. ಆದರೆ ಔಷಧಿ ಅಂಗಡಿಗೆ ಇದನ್ನು ಕೇಳಿಕೊಂಡು ಬರುವವರಲ್ಲಿ ಇನ್ನೊಂದು ಬಗೆಯ ಗಿರಾಕಿಗಳೂ ಇದ್ದಾರೆ. ಹುಟ್ಟಿದಾಗ ಗಂಡು ಎಂದು ಬರೆಸಿಕೊಂಡು, ಒಳಗೆ ಹೆಣ್ಣಾಗಿಯೇ ಬೆಳೆದು, ಈಗ ದೇಹವನ್ನೂ ಆ ಕಡೆಗೆ ತಿರುಗಿಸಿಕೊಳ್ಳಲು ಹೊರಟ ಮಂಗಳಮುಖಿಯರು ಅವರು. ದಿನಕ್ಕೆ ಒಂದಲ್ಲ, ಮೂರು, ನಾಲ್ಕು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಮಾತ್ರೆ ನುಂಗುವವರಿದ್ದಾರೆ. ಹೇಳಿಕೊಟ್ಟವರು ಡಾಕ್ಟರಲ್ಲ, ತಮಗಿಂತ ಮೊದಲು ಈ ಹಾದಿ ಹಿಡಿದ ಅಕ್ಕಂದಿರು. ಪಟ್ಟಿಯನ್ನು ಪೂರ್ತಿ ನುಂಗುವ ಅವಸರದಲ್ಲಿ ಕಬ್ಬಿಣದ ಮಾತ್ರೆಯನ್ನೂ ಹಾರ್ಮೋನ್ ಎಂದೇ ನಂಬಿ ನುಂಗುವವರೂ ಉಂಟು.

ಅವರನ್ನು ಬೈದು ಪ್ರಯೋಜನವಿಲ್ಲ. ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಗಂಡಸರ ಸಾಲಿಗೆ ಹೋಗು, ಹೆಂಗಸರ ಸಾಲಿಗೆ ಹೋಗು ಎಂದು ಅಟ್ಟಿಸಿಕೊಂಡವರಿಗೆ ಔಷಧಿ ಅಂಗಡಿಯ ಕಿಟಕಿಯೇ ಸುಲಭ. ಆದರೆ ಇಡೀ ಹಾರ್ಮೋನ್ ಚಿಕಿತ್ಸೆಯಲ್ಲಿ ಅತಿ ಹೆಚ್ಚು ಅಪಾಯ ಇರುವುದು ಈ ಕಿಟಕಿಯಲ್ಲಿಯೇ. ಏಕೆಂದು ತಿಳಿಯಬೇಕಾದರೆ ಹಾರ್ಮೋನ್ ದೇಹದೊಳಗೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಗಂಡಿನ ಹಾರ್ಮೋನ್, ಹೆಣ್ಣಿನ ಹಾರ್ಮೋನ್ ಎಂದು ನಾವು ಕರೆಯುವ ಎರಡೂ ಎಲ್ಲರ ರಕ್ತದಲ್ಲೂ ಇರುತ್ತವೆ. ಬೇರೆಯಾಗುವುದು ಪ್ರಮಾಣ. ವಯಸ್ಕ ಗಂಡಸಿನ ಒಂದು ಡೆಸಿಲೀಟರ್ ರಕ್ತದಲ್ಲಿ ಟೆಸ್ಟೊಸ್ಟೆರಾನ್ ಸುಮಾರು 300ರಿಂದ 1000 ನ್ಯಾನೊಗ್ರಾಂ ಇರುತ್ತದೆ, ಹೆಂಗಸಿನಲ್ಲಿ ಸಾಮಾನ್ಯವಾಗಿ 50ಕ್ಕಿಂತ ಕೆಳಗೆ. ಈಸ್ಟ್ರೊಜೆನ್ ಗುಂಪಿನ ಮುಖ್ಯ ಹಾರ್ಮೋನಾದ ಎಸ್ಟ್ರಡಯಾಲ್ ಗಂಡಸಿನಲ್ಲಿ ಅಲ್ಪ, ಹೆಂಗಸಿನಲ್ಲಿ ತಿಂಗಳ ಚಕ್ರದೊಂದಿಗೆ ಏರಿಳಿಯುತ್ತ ಅದಕ್ಕಿಂತ ಬಹಳ ಹೆಚ್ಚು. ಇವು ರಕ್ತದಲ್ಲಿ ತೇಲುತ್ತ ಹೋಗಿ ಚರ್ಮ, ಕೊಬ್ಬು, ಸ್ನಾಯು, ಮೂಳೆ, ಎದೆ ಎಲ್ಲ ಕಡೆಯ ಜೀವಕೋಶಗಳ ಒಳಹೊಕ್ಕು, ಅಲ್ಲಿ ತಮ್ಮನ್ನು ಹಿಡಿದುಕೊಳ್ಳುವ ಗ್ರಾಹಕಗಳಿಗೆ ಅಂಟಿಕೊಳ್ಳುತ್ತವೆ. ಅಂಟಿದ ಮೇಲೆ ಆ ಜೋಡಿ ಜೀವಕೋಶದ ವಂಶವಾಹಿಗಳಲ್ಲಿ ಕೆಲವನ್ನು ಚಾಲೂ ಮಾಡುತ್ತದೆ, ಕೆಲವನ್ನು ನಿಲ್ಲಿಸುತ್ತದೆ. ನೋವಿನ ಮಾತ್ರೆ ಅರ್ಧ ಗಂಟೆಯಲ್ಲಿ ಕೆಲಸ ತೋರಿಸಿದಂತೆ ಹಾರ್ಮೋನ್ ತೋರಿಸದಿರುವುದು ಇದರಿಂದಲೇ. ಹಾರ್ಮೋನ್ ಕೊಡುವುದು ಆದೇಶವನ್ನಷ್ಟೆ. ಆ ಆದೇಶದ ಮೇಲೆ ಹೊಸ ಅಂಗಾಂಶ ಬೆಳೆಯಬೇಕು, ಹಳೆಯದು ಕರಗಬೇಕು. ಹದಿಮೂರು ವರ್ಷದ ಹುಡುಗಿಯ ಮೈ ಅರಳಲು ಮೂರು ನಾಲ್ಕು ವರ್ಷ ಹಿಡಿಯುವುದೂ ಇದಕ್ಕಾಗಿಯೇ. ವಯಸ್ಸಾದ ಮೇಲೆ ಹಾರ್ಮೋನ್ ತೆಗೆದುಕೊಳ್ಳುವವರ ಮೈಯಲ್ಲಿ ನಡೆಯುವುದೂ ಎರಡನೆಯ ಹರೆಯವೇ, ಅದಕ್ಕೂ ಅಷ್ಟೇ ಸಮಯ ಬೇಕು.

ಟ್ರಾನ್ಸ್ ಮಹಿಳೆಯರ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎರಡು ಔಷಧಿಗಳಿರುತ್ತವೆ. ಒಂದು ಎಸ್ಟ್ರಡಯಾಲ್. ಇದು ಮಾತ್ರೆ, ಚುಚ್ಚುಮದ್ದು, ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಅಂಟಿಸುವ ಪಟ್ಟಿಯ ರೂಪದಲ್ಲಿ ಬರುತ್ತದೆ. ಇನ್ನೊಂದು ದೇಹವೇ ತಯಾರಿಸುವ ಟೆಸ್ಟೊಸ್ಟೆರಾನನ್ನು ತಡೆಯುವ ಔಷಧಿ. ನಮ್ಮಲ್ಲಿ ಇದಕ್ಕೆ ಹೆಚ್ಚಾಗಿ ಬಳಸುವುದು ಸ್ಪಿರೊನೊಲ್ಯಾಕ್ಟೋನ್ ಅಥವಾ ಸೈಪ್ರೊಟೆರೋನ್. ಮೊದಲನೆಯದು ಮೂಲತಃ ರಕ್ತದೊತ್ತಡಕ್ಕೆ, ಮೈಯಲ್ಲಿ ನೀರು ತುಂಬಿದವರಿಗೆ ಕೊಡುವ ಮೂತ್ರವರ್ಧಕ. ಟೆಸ್ಟೊಸ್ಟೆರಾನ್ ಹೋಗಿ ಕೂರಬೇಕಾದ ಗ್ರಾಹಕದಲ್ಲಿ ತಾನು ಕೂತುಬಿಡುವುದು ಅದರ ಇನ್ನೊಂದು ಗುಣ. ಎಸ್ಟ್ರಡಯಾಲ್ ಕೂಡ ಸುಮ್ಮನಿರುವುದಿಲ್ಲ. ರಕ್ತದಲ್ಲಿ ಅದರ ಮಟ್ಟ ಏರಿದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ಹಾರ್ಮೋನ್ ಸಾಕಷ್ಟಿದೆ ಎಂದು ಲೆಕ್ಕ ಹಾಕಿ ವೃಷಣಗಳಿಗೆ ಕಳಿಸುವ ಸಂದೇಶವನ್ನು ತಗ್ಗಿಸುತ್ತದೆ. ಹೀಗೆ ಒಂದು ಔಷಧಿ ಉತ್ಪತ್ತಿಯನ್ನು ಇಳಿಸಿದರೆ ಇನ್ನೊಂದು ಅಳಿದುಳಿದದ್ದರ ಪರಿಣಾಮವನ್ನು ತಡೆಯುತ್ತದೆ.

ಇಷ್ಟು ತಿಳಿದ ಮೇಲೆ ಒಬ್ಬರ ಕತೆಯನ್ನು ಹಂತಹಂತವಾಗಿ ನೋಡೋಣ. ಇದು ಒಬ್ಬ ವ್ಯಕ್ತಿಯ ನಿಜ ಕತೆಯಲ್ಲ, ವಿಷಯ ತಿಳಿಯಲೆಂದು ಕಟ್ಟಿದ ಉದಾಹರಣೆ. ದಾವಣಗೆರೆ ಕಡೆಯ 26 ವರ್ಷದ ಟ್ರಾನ್ಸ್ ಮಹಿಳೆ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಏಳು ತಿಂಗಳಿಂದ ದಿನಕ್ಕೆ ನಾಲ್ಕು ಮಾಲಾ-ಡಿ ನುಂಗುತ್ತಿದ್ದಾರೆ. ಎದೆಯಲ್ಲಿ ಸ್ವಲ್ಪ ನೋವು, ಗಂಟು ಕಾಣಿಸಿಕೊಂಡಿದೆ, ಅಷ್ಟೇ. ಸಾಲದು ಅನ್ನಿಸಿ ಲ್ಯಾಬಿಗೆ ಹೋಗಿ ತಾವೇ ದುಡ್ಡು ಕೊಟ್ಟು ಎಸ್ಟ್ರಡಯಾಲ್ ಪರೀಕ್ಷೆ ಮಾಡಿಸುತ್ತಾರೆ. ವರದಿಯಲ್ಲಿ 15 ಎಂದು ಬರುತ್ತದೆ, ಅಂದರೆ ಬಹಳ ಕಡಿಮೆ. ‘ನೋಡು, ಮೈಗೆ ಹತ್ತೇ ಇಲ್ಲ, ಇನ್ನೆರಡು ಜಾಸ್ತಿ ತಗೋ’ ಎಂದು ಜೊತೆಗಾತಿಯೊಬ್ಬರು ಸಲಹೆ ಕೊಡುತ್ತಾರೆ.

ವರದಿ ಸುಳ್ಳಲ್ಲ, ಆದರೆ ಅದನ್ನು ಓದಿದ ರೀತಿ ತಪ್ಪು. ಮಾಲಾ-ಡಿಯಲ್ಲಿರುವ ಈಸ್ಟ್ರೊಜೆನ್, ದೇಹದಲ್ಲಿ ತಯಾರಾಗುವ ಎಸ್ಟ್ರಡಯಾಲ್ ಅಲ್ಲ. ಅದು ಇಥಿನೈಲ್ ಎಸ್ಟ್ರಡಯಾಲ್ ಎಂಬ ಕೃತಕ ರೂಪ. ಎಸ್ಟ್ರಡಯಾಲ್ ಅಳೆಯುವ ಪರೀಕ್ಷೆ ಅದನ್ನು ಗುರುತಿಸುವುದಿಲ್ಲ. ಹಾಗಾಗಿ ರಕ್ತದಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಕೃತಕ ಹಾರ್ಮೋನ್ ಓಡಾಡುತ್ತಿದ್ದರೂ ಕಾಗದದ ಮೇಲೆ ‘ಕಡಿಮೆ’ ಎಂದೇ ಕಾಣುತ್ತದೆ. ಎಸ್ಟ್ರಡಯಾಲನ್ನು ಯಕೃತ್ತು ಒಡೆದು ಹಾಕುವಷ್ಟು ಬೇಗ ಈ ಕೃತಕ ರೂಪವನ್ನು ಒಡೆಯಲಾರದು. ಒಂದು ರಾಸಾಯನಿಕ ಕೊಂಡಿಯನ್ನು ಸೇರಿಸಿ, ಬಾಯಲ್ಲಿ ನುಂಗಿದರೂ ಬೇಗ ನಾಶವಾಗದಂತೆ ಅದನ್ನು ತಯಾರಿಸಿರುವುದೇ ಹಾಗೆ. ಯಕೃತ್ತಿನಲ್ಲಿ ಅದು ಹೆಚ್ಚು ಹೊತ್ತು ಉಳಿದಷ್ಟೂ ಯಕೃತ್ತು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹೆಚ್ಚು ತಯಾರಿಸುತ್ತದೆ.

ಇದರ ಪರಿಣಾಮ ಏನೆಂದು ಲೋಕಕ್ಕೆ ತಿಳಿಸಿಕೊಟ್ಟದ್ದು ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮಿನ ಲಿಂಗತ್ವ ಚಿಕಿತ್ಸಾಲಯ. ಅಲ್ಲಿ ಮೊದಲು ಕೊಡುತ್ತಿದ್ದದ್ದು ಇದೇ ಇಥಿನೈಲ್ ಎಸ್ಟ್ರಡಯಾಲ್, ದಿನಕ್ಕೆ 0.1 ಮಿಲಿಗ್ರಾಂ. 1997ರಲ್ಲಿ ಅಲ್ಲಿನ ವೈದ್ಯರು ತಮ್ಮ 816 ಟ್ರಾನ್ಸ್ ಮಹಿಳೆಯರ ದಾಖಲೆ ತೆರೆದು ನೋಡಿದಾಗ, ರಕ್ತನಾಳದೊಳಗೆ ಹೆಪ್ಪು ಕಟ್ಟುವ ಪ್ರಮಾಣ ಸಾಮಾನ್ಯ ಜನರಿಗಿಂತ ಸುಮಾರು 20 ಪಟ್ಟು ಹೆಚ್ಚಿತ್ತು. ನಲವತ್ತು ದಾಟಿದವರಿಗೆ ಚರ್ಮಕ್ಕೆ ಅಂಟಿಸುವ ಎಸ್ಟ್ರಡಯಾಲ್ ಪಟ್ಟಿ ಕೊಡಲು ಶುರು ಮಾಡಿದ ಮೇಲೆ ಅದು ತಗ್ಗಿತು. ಇಂದು ಜಗತ್ತಿನ ಯಾವ ಪ್ರಮುಖ ಮಾರ್ಗಸೂಚಿಯೂ ಈ ಚಿಕಿತ್ಸೆಗೆ ಇಥಿನೈಲ್ ಎಸ್ಟ್ರಡಯಾಲ್ ಬಳಸಿ ಎನ್ನುವುದಿಲ್ಲ. ಈಗ ನಮ್ಮ ಮಾಲಾ-ಡಿಯ ಲೆಕ್ಕ ಹಾಕಿ. ಒಂದು ಮಾತ್ರೆಯಲ್ಲಿ 0.03 ಮಿಲಿಗ್ರಾಂ ಇದೆ. ನಾಲ್ಕು ನುಂಗಿದರೆ 0.12. ಆಮ್‌ಸ್ಟರ್‌ಡ್ಯಾಮಿನವರು ಅಪಾಯ ಕಂಡು ಕೈಬಿಟ್ಟ ಪ್ರಮಾಣಕ್ಕಿಂತ ಹೆಚ್ಚನ್ನು, ರಕ್ತದೊತ್ತಡವನ್ನೂ ನೋಡಿಸಿಕೊಳ್ಳದೆ ನುಂಗಿದಂತಾಯಿತು. ಅದರ ಜೊತೆಗಿರುವ ಲೆವೊನಾರ್ಜೆಸ್ಟ್ರೆಲ್ ಎಂಬ ಎರಡನೇ ಹಾರ್ಮೋನಿಗೆ ಸ್ವಲ್ಪ ಗಂಡು ಹಾರ್ಮೋನಿನ ಗುಣವೂ ಉಂಟು ಎನ್ನುವುದು ಈ ವ್ಯಾಪಾರದ ವ್ಯಂಗ್ಯ.

ಹೆಪ್ಪು ಕಟ್ಟುವುದು ಹೆಚ್ಚಾಗಿ ಕಾಲಿನ ಒಳಗಿನ ರಕ್ತನಾಳದಲ್ಲಿ. ಒಂದೇ ಕಾಲಿನ ಮೀನಖಂಡ ಊದಿಕೊಳ್ಳುತ್ತದೆ, ಮುಟ್ಟಿದರೆ ಬಿಸಿ, ಒತ್ತಿದರೆ ನೋವು. ಎರಡೂ ಕಾಲು ಸಮನಾಗಿ ಊದಿದರೆ ಕಾರಣ ಬೇರೆ ಇರಬಹುದು. ಒಂದೇ ಕಾಲು ಊದಿದರೆ ಆ ದಿನವೇ ತೋರಿಸಬೇಕು. ಅಲ್ಲಿಂದ ತುಣುಕೊಂದು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತದೆ, ಉಸಿರೆಳೆದಾಗ ಎದೆ ಚುಚ್ಚುತ್ತದೆ, ಕೆಮ್ಮಿನಲ್ಲಿ ರಕ್ತ ಬರಬಹುದು. ಅದು ಗಂಟೆಗಳ ಲೆಕ್ಕದ ತುರ್ತು. ಬೀಡಿ, ಸಿಗರೇಟು ಸೇದುವವರಿಗೆ, ತೂಕ ಹೆಚ್ಚಿರುವವರಿಗೆ, ಮನೆತನದಲ್ಲಿ ಯಾರಿಗಾದರೂ ಹೀಗೆ ಹೆಪ್ಪು ಕಟ್ಟಿದ್ದವರಿಗೆ, ಆಪರೇಷನ್ ಆಗಿ ಮಲಗಿರುವವರಿಗೆ, ಅಲುಗಾಡದೆ ದೂರದ ಪ್ರಯಾಣ ಮಾಡುವವರಿಗೆ ಈ ಅಪಾಯ ಇನ್ನಷ್ಟು ಹೆಚ್ಚು.

ನಮ್ಮ ಉದಾಹರಣೆಗೆ ಮರಳೋಣ. ಆಕೆ ಕೊನೆಗೂ ಹಾರ್ಮೋನ್ ತಜ್ಞರ ಬಳಿ, ಅಂದರೆ ಎಂಡೋಕ್ರೈನಾಲಜಿ ವಿಭಾಗಕ್ಕೆ ಹೋಗುತ್ತಾರೆ. ವೈದ್ಯರು ಗರ್ಭನಿರೋಧಕ ಮಾತ್ರೆ ನಿಲ್ಲಿಸುತ್ತಾರೆ. ರಕ್ತದೊತ್ತಡ ಅಳೆದು, ಯಕೃತ್ತು, ಮೂತ್ರಪಿಂಡ, ಸಕ್ಕರೆ, ಕೊಬ್ಬು, ಪೊಟ್ಯಾಸಿಯಂ, ಟೆಸ್ಟೊಸ್ಟೆರಾನ್, ಎಸ್ಟ್ರಡಯಾಲ್, ಪ್ರೊಲ್ಯಾಕ್ಟಿನ್ ಪರೀಕ್ಷೆಗಳನ್ನು ಬರೆದುಕೊಡುತ್ತಾರೆ. ಆಪ್ತಸಮಾಲೋಚಕರು ಅಥವಾ ಮನೋವೈದ್ಯರು ಒಂದೆರಡು ಬಾರಿ ಮಾತಾಡುತ್ತಾರೆ. ಈ ಮಾತುಕತೆಯನ್ನು ತಮ್ಮನ್ನು ಅನುಮಾನಿಸುವ ಪೊಲೀಸ್ ವಿಚಾರಣೆ ಎಂದು ಭಾವಿಸುವವರಿದ್ದಾರೆ, ಕೆಲವು ಕಡೆ ಅದು ಹಾಗೆ ನಡೆಯುವುದೂ ನಿಜ. ಆದರೆ ಅಲ್ಲಿ ನಡೆಯಬೇಕಾದ ಮುಖ್ಯ ಕೆಲಸ ಬೇರೆಯದು. ಈ ಚಿಕಿತ್ಸೆಯಿಂದ ಏನಾಗುತ್ತದೆ, ಏನಾಗುವುದಿಲ್ಲ, ಯಾವುದು ಮತ್ತೆ ಹಿಂದಕ್ಕೆ ಬರುವುದಿಲ್ಲ ಎಂದು ತಿಳಿಸಿ ಒಪ್ಪಿಗೆ ಪಡೆಯುವುದು. ಮುಂದೆ ಸ್ವಂತ ಮಗು ಬೇಕೆನಿಸಬಹುದೇ ಎಂಬ ಪ್ರಶ್ನೆಯನ್ನು ಕೇಳಬೇಕಾದದ್ದೂ ಇಲ್ಲೇ, ಮೊದಲ ಮಾತ್ರೆಗೂ ಮುಂಚೆ. ಹಾರ್ಮೋನ್ ಶುರುವಾದ ಮೇಲೆ ವೀರ್ಯಾಣು ಇಳಿಯುತ್ತ ಹೋಗುತ್ತದೆ, ಔಷಧಿ ನಿಲ್ಲಿಸಿದರೂ ಮರಳುತ್ತದೆ ಎಂಬ ಖಾತ್ರಿ ಇಲ್ಲ. ಬೇಕಾದವರು ಮೊದಲೇ ವೀರ್ಯವನ್ನು ಶೈತ್ಯಾಗಾರದಲ್ಲಿ ಇರಿಸಿಕೊಳ್ಳಬಹುದು. ಹಾಗೆಂದು ಹಾರ್ಮೋನನ್ನು ಗರ್ಭನಿರೋಧಕ ಎಂದು ನಂಬಿಕೊಳ್ಳುವಂತೆಯೂ ಇಲ್ಲ.

ಆಮೇಲೆ ಔಷಧಿ. ದಿನಕ್ಕೆ 2 ಮಿಲಿಗ್ರಾಂ ಎಸ್ಟ್ರಡಯಾಲ್, ಜೊತೆಗೆ ಸ್ಪಿರೊನೊಲ್ಯಾಕ್ಟೋನ್. ‘ಇಷ್ಟು ಕಮ್ಮಿನಾ ಡಾಕ್ಟ್ರೇ?’ ಎಂದು ಆಕೆ ಕೇಳುವುದು ಸಹಜ. ಕಡಿಮೆಯಿಂದ ಶುರು ಮಾಡಿ ರಕ್ತ ನೋಡಿಕೊಂಡು ಏರಿಸುವುದೇ ಇದರ ಕ್ರಮ. ಗುರಿ ಎಲ್ಲಿದೆ ಎನ್ನುವುದು ಸ್ಪಷ್ಟವಾಗಿದೆ. ಅಮೆರಿಕದ ಎಂಡೋಕ್ರೈನ್ ಸೊಸೈಟಿ 2017ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಟೆಸ್ಟೊಸ್ಟೆರಾನ್ 50ರ ಕೆಳಗಿಳಿಯಬೇಕು, ಎಸ್ಟ್ರಡಯಾಲ್ ಒಂದು ಮಿಲಿಲೀಟರಿಗೆ 100ರಿಂದ 200 ಪಿಕೊಗ್ರಾಂ ನಡುವೆ ನಿಲ್ಲಬೇಕು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಪರೀಕ್ಷೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ.

ಮೂರು ತಿಂಗಳಾದಾಗ ಆಕೆಯ ಟೆಸ್ಟೊಸ್ಟೆರಾನ್ 520ರಿಂದ 210ಕ್ಕೆ ಇಳಿದಿದೆ, ಎಸ್ಟ್ರಡಯಾಲ್ 62. ಹಾದಿ ಸರಿ, ಗುರಿ ಇನ್ನೂ ದೂರ. ಆದರೆ ಅದೇ ಹಾಳೆಯಲ್ಲಿ ಪೊಟ್ಯಾಸಿಯಂ 5.6 ಎಂದಿದೆ. ಅದು ಸುಮಾರು 3.5ರಿಂದ 5ರೊಳಗೆ ಇರಬೇಕಾದದ್ದು. ಸ್ಪಿರೊನೊಲ್ಯಾಕ್ಟೋನ್ ದೇಹದಿಂದ ಉಪ್ಪು ನೀರನ್ನು ಹೊರಹಾಕುವಾಗ ಪೊಟ್ಯಾಸಿಯಮನ್ನು ಒಳಗೇ ಉಳಿಸುತ್ತದೆ. ಮಿತಿ ಮೀರಿದರೆ ಸ್ನಾಯುಗಳು ಸೋಲುತ್ತವೆ, ಎದೆಬಡಿತದ ಲಯ ತಪ್ಪುತ್ತದೆ. ಕೆಟ್ಟದ್ದೆಂದರೆ, ಬಹಳಷ್ಟು ಸಲ ಅದು ಮೊದಲು ಯಾವ ಸೂಚನೆಯನ್ನೂ ಕೊಡುವುದಿಲ್ಲ. ರಕ್ತಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ವೈದ್ಯರು ವಿಚಾರಿಸಿದಾಗ ಎರಡು ಸಂಗತಿ ಹೊರಬರುತ್ತವೆ. ಮಷೀನಿನ ಮುಂದೆ ಬಾಗಿ ಕೂತು ಬರುವ ಬೆನ್ನುನೋವಿಗೆ ಆಕೆ ದಿನಾ ನೋವಿನ ಮಾತ್ರೆ ನುಂಗುತ್ತಿದ್ದರು. ಮೂತ್ರ ಹೆಚ್ಚು ಹೋಗಿ ಸುಸ್ತಾಗುತ್ತದೆ ಎಂದು ದಿನಕ್ಕೆರಡು ಎಳನೀರು ಕುಡಿಯುತ್ತಿದ್ದರು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಮೂತ್ರಪಿಂಡ ಪೊಟ್ಯಾಸಿಯಂ ಹೊರಹಾಕುವುದನ್ನು ಕುಂಠಿಸುತ್ತದೆ, ಎಳನೀರಿನಲ್ಲಂತೂ ಪೊಟ್ಯಾಸಿಯಂ ಧಾರಾಳ. ಮೂತ್ರಪಿಂಡ ಚೆನ್ನಾಗಿರುವ ಚಿಕ್ಕ ವಯಸ್ಸಿನವರಿಗೆ ಯಾವಾಗಲೋ ಒಂದು ಎಳನೀರಿನಿಂದ ಏನೂ ಆಗದು. ಇಲ್ಲಿ ಮೂರೂ ಒಟ್ಟಿಗೆ ಸೇರಿದವು. ವೈದ್ಯರು ಸ್ಪಿರೊನೊಲ್ಯಾಕ್ಟೋನ್ ಅರ್ಧಕ್ಕಿಳಿಸಿ, ಆ ನೋವಿನ ಮಾತ್ರೆ ನಿಲ್ಲಿಸಿ, ಎಳನೀರು ಬಿಡಿಸಿ, ಕೆಲವೇ ದಿನಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ ಪೊಟ್ಯಾಸಿಯಂ 4.7ಕ್ಕೆ ಬಂತು. ವೈದ್ಯರ ಉಸ್ತುವಾರಿ ಬೇಕು ಎಂದರೆ ಹೀಗೆ ಒಂದು ಅಂಕಿಯನ್ನು ನೋಡಿ, ಅದರ ಹಿಂದಿನ ಕಾರಣ ಕೆದಕಿ, ಔಷಧಿ ತಿದ್ದುವುದು. ಇದನ್ನು ಯಾವ ಅಕ್ಕನೂ, ಯಾವ ಔಷಧಿ ಅಂಗಡಿಯವನೂ ಮಾಡಲಾರರು.

ಸೈಪ್ರೊಟೆರೋನ್ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಚಿಂತೆ ಇಲ್ಲ, ಬದಲಿಗೆ ಯಕೃತ್ತಿನ ಚಿಂತೆ ಇದೆ. ಹೆಚ್ಚು ಪ್ರಮಾಣದಲ್ಲಿ ವರ್ಷಗಟ್ಟಲೆ ತೆಗೆದುಕೊಂಡರೆ ಮೆದುಳಿನ ಹೊದಿಕೆಯಲ್ಲಿ ಮೆನಿಂಜಿಯೋಮ ಎಂಬ ಗಡ್ಡೆ ಬೆಳೆಯುವ ಅಪಾಯವೂ ಹೆಚ್ಚುತ್ತದೆ. ಯೂರೋಪಿನ ಔಷಧಿ ನಿಯಂತ್ರಕರು 2020ರಲ್ಲಿ ಇದರ ಬಳಕೆಗೆ ಕಡಿವಾಣ ಹಾಕಿದ್ದು ಇದಕ್ಕೇ. ಅಂಗಡಿಯಲ್ಲಿ ಸಿಗುವ ಮಾತ್ರೆ ಸಾಮಾನ್ಯವಾಗಿ 50 ಮಿಲಿಗ್ರಾಮಿನದು, ಈಗಿನ ಮಾರ್ಗಸೂಚಿಗಳು ಹೇಳುವುದು ಸುಮಾರು 10 ಮಿಲಿಗ್ರಾಂ. ಪೂರ್ತಿ ಮಾತ್ರೆ ನುಂಗುವವರು ಬೇಕಾದ್ದರ ಐದು ಪಟ್ಟು ನುಂಗುತ್ತಿರುತ್ತಾರೆ.

ಆರನೇ ತಿಂಗಳಿಗೆ ಎಸ್ಟ್ರಡಯಾಲ್ 4 ಮಿಲಿಗ್ರಾಂ ಆಗಿದೆ, ರಕ್ತದಲ್ಲಿ ಟೆಸ್ಟೊಸ್ಟೆರಾನ್ 42, ಎಸ್ಟ್ರಡಯಾಲ್ 130. ಗುರಿ ಮುಟ್ಟಿದಂತಾಯಿತು. ಲ್ಯಾಬ್ ವರದಿಯಲ್ಲಿ ಹಿಮೋಗ್ಲೋಬಿನ್ 12.8 ಎಂದು ಕೆಂಪು ಗುರುತು ಬಿದ್ದಿರುವುದನ್ನು ನೋಡಿ ಆಕೆ ಗಾಬರಿಯಾಗುತ್ತಾರೆ. ಲ್ಯಾಬಿನವರು ಹಳೆಯ ಗುರುತಿನ ಚೀಟಿ ನೋಡಿ ಗಂಡಸಿನ ಅಳತೆಗೋಲು ಹಚ್ಚಿದ್ದಾರೆ. ಕೆಂಪುರಕ್ತಕಣ ಹೆಚ್ಚಿಸುವುದು ಟೆಸ್ಟೊಸ್ಟೆರಾನ್. ಅದು ಇಳಿದಾಗ ಹಿಮೋಗ್ಲೋಬಿನ್ ಹೆಂಗಸರ ಮಟ್ಟಕ್ಕೆ ಬರುವುದು ಸಹಜ, ರಕ್ತಹೀನತೆ ಅಲ್ಲ.

ಈಗ ಮೈಯಲ್ಲಿ ಏನಾಗಿದೆ? ಮೊದಲು ಬದಲಾಗುವುದು ಹೊರಗೆ ಕಾಣದ್ದು. ಒಂದರಿಂದ ಮೂರು ತಿಂಗಳೊಳಗೆ ಕಾಮಾಸಕ್ತಿ ತಗ್ಗುತ್ತದೆ, ಬೆಳಗಿನ ಹೊತ್ತು ತಾನಾಗಿ ಆಗುವ ನಿಮಿರುವಿಕೆ ಕಡಿಮೆಯಾಗುತ್ತದೆ. ಮೂರರಿಂದ ಆರು ತಿಂಗಳಲ್ಲಿ ಚರ್ಮದ ಎಣ್ಣೆ ಅಂಶ ಇಳಿದು ಮೃದುವಾಗುತ್ತದೆ, ಮೊಲೆತೊಟ್ಟಿನ ಹಿಂದೆ ಸಣ್ಣ ಗಂಟು ಏಳುತ್ತದೆ, ಬಟ್ಟೆ ತಾಗಿದರೂ ನೋಯುತ್ತದೆ. ಸ್ನಾಯುಬಲ ಇಳಿಯತೊಡಗುತ್ತದೆ. ಮೊದಲು ಸರಾಗವಾಗಿ ಎತ್ತುತ್ತಿದ್ದ ಬಟ್ಟೆಯ ಗಂಟು ಈಗ ಭಾರವೆನಿಸಬಹುದು. ಕೊಬ್ಬು ಹೊಟ್ಟೆಯ ಬದಲು ಸೊಂಟ, ತೊಡೆಯ ಕಡೆ ಸೇರಲು ಶುರುವಾದರೂ ಅದು ಪೂರ್ತಿಯಾಗಲು ಎರಡರಿಂದ ಐದು ವರ್ಷ. ಮೈಮೇಲಿನ ಕೂದಲು ತೆಳ್ಳಗಾಗುವುದು ಆರು ತಿಂಗಳ ನಂತರ, ಅದು ಮೂರು ವರ್ಷಕ್ಕೂ ಮೀರಿ ನಡೆಯುವ ಕೆಲಸ. ಮನಸ್ಸು ಹಗುರಾಯಿತು ಎನ್ನುವವರು ಬಹಳ ಮಂದಿ, ಸಣ್ಣದಕ್ಕೂ ಕಣ್ಣೀರು ಬರುತ್ತದೆ ಎನ್ನುವವರೂ ಇದ್ದಾರೆ. ಬೇಸರ ವಾರಗಟ್ಟಲೆ ಬಿಡದಿದ್ದರೆ ಅದನ್ನು ಹಾರ್ಮೋನಿನ ಲೆಕ್ಕಕ್ಕೆ ಹಾಕಿ ಸುಮ್ಮನಿರದೆ ವೈದ್ಯರಿಗೆ ಹೇಳಬೇಕು.

ಆಗದಿರುವುದನ್ನೂ ಮೊದಲೇ ಹೇಳಿಬಿಡುವುದು ವಾಸಿ. ಹರೆಯದಲ್ಲಿ ಒಡೆದ ದನಿ ಮತ್ತೆ ತೆಳ್ಳಗಾಗುವುದಿಲ್ಲ, ಅದಕ್ಕೆ ದನಿಯ ತರಬೇತಿಯೇ ದಾರಿ. ಎತ್ತರ, ಭುಜದ ಅಗಲ, ದವಡೆ ಬದಲಾಗುವುದಿಲ್ಲ. ಗಡ್ಡದ ಬೆಳವಣಿಗೆ ನಿಧಾನವಾಗಬಹುದೇ ಹೊರತು ನಿಲ್ಲುವುದಿಲ್ಲ, ಅದನ್ನು ತೆಗೆಯಲು ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್ ಬೇಕು. ನೆತ್ತಿ ಬೋಳಾಗುವುದು ನಿಲ್ಲುತ್ತದೆ, ಹೋದ ಕೂದಲು ಮರಳಿ ತುಂಬುತ್ತದೆಂಬ ಭರವಸೆ ಇಲ್ಲ. ಔಷಧಿ ಬಿಟ್ಟರೆ ಚರ್ಮ, ಕೊಬ್ಬು, ಸ್ನಾಯು ಬಹುಮಟ್ಟಿಗೆ ಹಿಂದಿನಂತಾಗುತ್ತವೆ. ಬೆಳೆದ ಎದೆ ಮಾತ್ರ ಹಾಗೇ ಉಳಿಯುತ್ತದೆ.

ಅವಸರ ಹುಟ್ಟುವುದೂ ಈ ಎದೆಯ ವಿಷಯದಲ್ಲಿಯೇ. ಎಂಟನೇ ತಿಂಗಳಿಗೆ ನಮ್ಮ ಉದಾಹರಣೆಯ ಹೆಣ್ಣುಮಗಳು ಮತ್ತೆ ವೈದ್ಯರ ಮುಂದೆ ಕೂತು ಡೋಸ್ ಹೆಚ್ಚಿಸಿ ಎಂದು ಬೇಡುತ್ತಾರೆ. ಮೊಬೈಲಿನಲ್ಲಿ ಯಾರದೋ ಫೋಟೊ, ‘ಆರು ತಿಂಗಳಲ್ಲಿ ಹೀಗಾದೆ’ ಎಂಬ ಬರಹ. ಯೂರೋಪಿನ ಕೆಲವು ಆಸ್ಪತ್ರೆಗಳು ಜೊತೆಗೂಡಿ 229 ಟ್ರಾನ್ಸ್ ಮಹಿಳೆಯರನ್ನು ಒಂದು ವರ್ಷ ಅಳೆದು 2018ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ನೆನೆಯಬೇಕು. ವರ್ಷ ಮುಗಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಎದೆ ಅತಿ ಚಿಕ್ಕ ಬ್ರಾ ಅಳತೆಯನ್ನೂ ಮುಟ್ಟಿರಲಿಲ್ಲ. ಇನ್ನೂ ಮುಖ್ಯ ಸಂಗತಿ, ರಕ್ತದಲ್ಲಿ ಎಸ್ಟ್ರಡಯಾಲ್ ಹೆಚ್ಚಿದ್ದವರಿಗೆ ಎದೆ ಹೆಚ್ಚು ಬೆಳೆದಿತ್ತು ಎಂಬ ನಂಟು ಅಲ್ಲಿ ಕಂಡುಬರಲಿಲ್ಲ. ಎಷ್ಟು ಬೆಳೆಯಬೇಕು ಎನ್ನುವುದು ಬಹುಮಟ್ಟಿಗೆ ಅವರವರ ಮೈಗುಣ. ತೆಂಗಿನ ಸಸಿಗೆ ಒಂದೇ ದಿನ ಹತ್ತು ಕೊಡ ನೀರು ಹುಯ್ದರೆ ಅದು ಬೇಗ ಫಲ ಕೊಡುವುದಿಲ್ಲ, ಬುಡ ಕೊಳೆಯುತ್ತದೆ. ಗುರಿಯ ಮಟ್ಟ ಮುಟ್ಟಿದ ಮೇಲೆ ಏರಿಸಿದ ಪ್ರತಿ ಮಿಲಿಗ್ರಾಮೂ ಎದೆಗೆ ಏನೂ ಕೊಡದೆ ಅಪಾಯವನ್ನಷ್ಟೇ ಹೆಚ್ಚಿಸುತ್ತದೆ ಎನ್ನುವುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರ ಅನುಭವ. ಬೆಳವಣಿಗೆ ಎರಡು ಮೂರು ವರ್ಷ ನಡೆಯುತ್ತದೆ. ಅದಾದ ಮೇಲೂ ಸಾಲದೆನಿಸಿದವರಿಗೆ ಶಸ್ತ್ರಚಿಕಿತ್ಸೆ ಇದೆ.

ನಮ್ಮಲ್ಲಿ ಇನ್ನೊಂದು ವಿಷಯದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಸಮುದಾಯದೊಳಗೆ ‘ನಿರ್ವಾಣ’ ಎಂದು ಕರೆಯುವ ಶಸ್ತ್ರಚಿಕಿತ್ಸೆಯಾಗಿ ವೃಷಣ ತೆಗೆಸಿಕೊಂಡವರು, ಇನ್ನು ಹಾರ್ಮೋನ್ ಯಾಕೆ, ಎಲ್ಲ ಮುಗಿಯಿತಲ್ಲ ಎಂದು ಮಾತ್ರೆ ಬಿಟ್ಟುಬಿಡುತ್ತಾರೆ. ಮುಗಿಯುವುದಿಲ್ಲ. ಆ ನಂತರ ನಿಲ್ಲಿಸಬಹುದಾದದ್ದು ಟೆಸ್ಟೊಸ್ಟೆರಾನ್ ತಡೆಯುವ ಔಷಧಿಯನ್ನು ಮಾತ್ರ. ಮೂಳೆ ಗಟ್ಟಿಯಾಗಿ ಉಳಿಯಲು ಮೈಯಲ್ಲಿ ಎರಡರಲ್ಲಿ ಒಂದು ಹಾರ್ಮೋನಾದರೂ ಇರಲೇಬೇಕು. ವೃಷಣವೂ ಇಲ್ಲ, ಹೊರಗಿನ ಎಸ್ಟ್ರಡಯಾಲೂ ಇಲ್ಲ ಎಂದಾದರೆ, ಮುಟ್ಟು ನಿಂತ ಹೆಂಗಸಿಗೆ ಐವತ್ತರ ನಂತರ ಆಗುವ ಮೂಳೆಸವೆತ ಇವರಿಗೆ ಮೂವತ್ತಕ್ಕೇ ಶುರುವಾಗುತ್ತದೆ. ಮೈ ಬಿಸಿಯೇರುವುದು, ರಾತ್ರಿ ಬೆವರುವುದು, ನಿದ್ದೆಗೆಡುವುದು, ಆಯಾಸ ಕಾಣಿಸಿಕೊಳ್ಳುತ್ತವೆ. ವರ್ಷಗಳು ಕಳೆದ ಮೇಲೆ ಬಚ್ಚಲಲ್ಲಿ ಸಣ್ಣಗೆ ಜಾರಿದರೂ ಮುಂಗೈ ಮುರಿಯುತ್ತದೆ. ಹತ್ತು ವರ್ಷದ ಹಿಂದೆ ನಿರ್ವಾಣವಾಗಿ ಈಗ ಯಾವ ಔಷಧಿಯನ್ನೂ ತೆಗೆದುಕೊಳ್ಳದವರು ಒಮ್ಮೆ ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿಕೊಳ್ಳುವುದು ಒಳ್ಳೆಯದು. ಆ ಆಪರೇಷನ್ನಿನಲ್ಲಿ ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆದಿರುವುದಿಲ್ಲ ಎಂಬುದನ್ನೂ ವಯಸ್ಸಾದಾಗ ವೈದ್ಯರಿಗೆ ನೆನಪಿಸಬೇಕಾಗುತ್ತದೆ.

ಹೆಣ್ಣೆಂದು ದಾಖಲಾಗಿ ಹುಟ್ಟಿದ ಟ್ರಾನ್ಸ್ ಪುರುಷರು ತೆಗೆದುಕೊಳ್ಳುವ ಟೆಸ್ಟೊಸ್ಟೆರಾನ್ ಚಿಕಿತ್ಸೆಯದು ಬೇರೆಯೇ ಲೇಖನವಾಗುವಷ್ಟು ವಿಷಯ. ಇಷ್ಟು ಹೇಳಿದರೆ ಸಾಕು: ಅಲ್ಲಿ ಒಡೆದ ದನಿ, ಮೂಡಿದ ಗಡ್ಡ ಹಿಂದಕ್ಕೆ ಹೋಗುವುದಿಲ್ಲ, ಮತ್ತು ಅಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಕೆಂಪುರಕ್ತಕಣ ಅತಿಯಾಗಿ ರಕ್ತ ಮಂದವಾಗುವುದನ್ನು.

ಚುಚ್ಚುಮದ್ದಿನ ಬಗ್ಗೆ ಎರಡು ಮಾತು. ಎಸ್ಟ್ರಡಯಾಲ್ ವ್ಯಾಲರೇಟ್ ಎಂಬ ಎಣ್ಣೆಯ ಚುಚ್ಚುಮದ್ದನ್ನು ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಕೊಡುತ್ತಾರೆ. ಚುಚ್ಚಿದ ಮೊದಲ ದಿನಗಳಲ್ಲಿ ಹಾರ್ಮೋನ್ ಮೇಲೇರಿ ಆಮೇಲೆ ಇಳಿಯುತ್ತದೆ. ಹಾಗಾಗಿ ರಕ್ತವನ್ನು ಎರಡು ಚುಚ್ಚುಮದ್ದಿನ ನಡುವಿನ ದಿನ ಕೊಡಬೇಕು. ಬೇರೆ ದಿನ ಕೊಟ್ಟರೆ ಅಂಕಿ ದಾರಿ ತಪ್ಪಿಸುತ್ತದೆ. ಇಳಿದ ದಿನ ಬೇಸರವೆನಿಸಿತು ಎಂದು ಮೊದಲೇ ಇನ್ನೊಂದು ಚುಚ್ಚಿಸಿಕೊಂಡರೆ ಮಟ್ಟ ಒಂದರ ಮೇಲೊಂದು ಪೇರುತ್ತದೆ. ಒಂದೇ ಸಿರಿಂಜನ್ನು ಇಬ್ಬರು ಬಳಸುವ ವಿಷಯಕ್ಕೆ ಹೆಚ್ಚು ಹೇಳಬೇಕಿಲ್ಲ, ಎಚ್‌ಐವಿ, ಹೆಪಟೈಟಿಸ್ ಎರಡಕ್ಕೂ ಅದೇ ಬಾಗಿಲು. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿರುವವರಲ್ಲಿ ಯಕೃತ್ತು ಎಸ್ಟ್ರಡಯಾಲನ್ನು ಬೇಗ ಒಡೆದುಹಾಕುತ್ತದೆ, ಆದ್ದರಿಂದ ಇನ್ನಾವುದೇ ಔಷಧಿ ನಡೆಯುತ್ತಿದ್ದರೂ ಅದನ್ನು ಮುಚ್ಚಿಡಬಾರದು.

ಕಾಯ್ದೆ ಏನು ಹೇಳುತ್ತದೆ? ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪಿನ ನಂತರ ಬಂದ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 15ನೇ ಸೆಕ್ಷನ್, ಶಸ್ತ್ರಚಿಕಿತ್ಸೆಯ ಜೊತೆಗೆ ಹಾರ್ಮೋನ್ ಚಿಕಿತ್ಸೆಯನ್ನೂ ಅದರ ಹಿಂದುಮುಂದಿನ ಸಮಾಲೋಚನೆಯನ್ನೂ ಒದಗಿಸುವುದು ಸರ್ಕಾರದ ಹೊಣೆ ಎಂದು ಬರೆಯಿತು. ಕಾಗದದ ಮೇಲಿರುವ ಈ ಹೊಣೆ ತಾಲ್ಲೂಕು ಆಸ್ಪತ್ರೆಯ ಔಷಧಿ ಕೊಡುವ ಕಿಟಕಿಯವರೆಗೆ ಬಂದಿಲ್ಲ. ಬಂದಿದ್ದರೆ ಗರ್ಭನಿರೋಧಕ ಮಾತ್ರೆಗೆ ಈ ಗಿರಾಕಿಗಳಿರುತ್ತಿರಲಿಲ್ಲ. ಎಂಡೋಕ್ರೈನಾಲಜಿ ತಜ್ಞರು ಸಿಗುವುದು ಹೆಚ್ಚಾಗಿ ದೊಡ್ಡ ಊರುಗಳಲ್ಲಿ. ಆದರೆ ಒಮ್ಮೆ ತಜ್ಞರು ಔಷಧಿ ನಿಗದಿ ಮಾಡಿಕೊಟ್ಟ ಮೇಲೆ ರಕ್ತದೊತ್ತಡ ನೋಡುವುದು, ಪೊಟ್ಯಾಸಿಯಂ ಪರೀಕ್ಷೆ ಬರೆಯುವುದು, ಕಾಲು ಊದಿದೆಯೇ ಎಂದು ಪರೀಕ್ಷಿಸುವುದು ಯಾವ ಊರಿನ ಎಂಬಿಬಿಎಸ್ ವೈದ್ಯರಿಗೂ ಕಷ್ಟದ ಕೆಲಸವಲ್ಲ. ‘ನನಗೆ ಈ ವಿಷಯ ಗೊತ್ತಿಲ್ಲ’ ಎಂದು ಕೈಚೆಲ್ಲುವ ವೈದ್ಯರಿಗೆ ಈ ಮಾತು.

ಈಗಾಗಲೇ ಗರ್ಭನಿರೋಧಕ ಮಾತ್ರೆಯನ್ನು ಲೆಕ್ಕ ಮೀರಿ ನುಂಗುತ್ತಿರುವವರು ಇದನ್ನು ಓದುತ್ತಿದ್ದರೆ, ಇನ್ನೆರಡು ಹೆಚ್ಚಿಸುವ ಯೋಚನೆ ಬಿಟ್ಟು ಈ ವಾರವೇ ಒಬ್ಬ ವೈದ್ಯರನ್ನು ಕಂಡು, ಏನು ನುಂಗುತ್ತಿದ್ದೀರಿ, ಎಷ್ಟು, ಯಾವಾಗಿನಿಂದ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಅವರ ಮನೆಯವರೋ ಗೆಳತಿಯರೋ ಓದುತ್ತಿದ್ದರೆ ಒಂದು ಕೋರಿಕೆ: ಒಂದು ಕಾಲು ಊದಿತು, ಉಸಿರು ಸಿಗುತ್ತಿಲ್ಲ ಎಂದು ಅವರು ಹೇಳಿದ ರಾತ್ರಿ ಬೆಳಗಾಗಲಿ ಎಂದು ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ, ಅಲ್ಲಿನ ವೈದ್ಯರಿಗೆ ಮೊಟ್ಟಮೊದಲು ‘ಇವರು ಹಾರ್ಮೋನ್ ತಗೊಳ್ತಿದ್ದಾರೆ’ ಎಂದು ಹೇಳಿ.